ಸ್ಟಿಕ್ಕರ್ ಕೆಳಗಿನ ತಾರೀಖು



ಸಂಶಿಯ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಚೀಲದಿಂದ ಒಂದು ಕ್ರೀಮ್ ಡಬ್ಬಿ ತೆಗೆದು ನಮ್ಮ ಕೈಗಿಟ್ಟರು. ಮಗಳು ಮೊಬೈಲ್‌ನಲ್ಲಿ ತರಿಸಿದ್ದಂತೆ. “ಸಿಸ್ಟರ್, ಹತ್ತ ದಿನದಾಗ ಮಾರಿ ಬೆಳ್ಳಗಾತ್ರಿ. ಅಂಗಡ್ಯಾಗ ನಾಕನೂರಕ್ಕ ಮಾರತಾರ, ನಮಗ ನೂರಾ ಎಂಬತ್ತಕ್ಕ ಬಂತು. ಚಲೋ ಐತೋ ಇಲ್ಲೋ ನೋಡ್ರಿ” ಎಂದರು.

ನಾವು ಮುಚ್ಚಳ ತೆಗೆಯಲಿಲ್ಲ. ಮೊದಲು ರಟ್ಟಿನ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದೆವು. ಬೆಲೆ ಮತ್ತು ತಾರೀಖು ಇದ್ದ ಕಡೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಕೆಳಗೆ ಇನ್ನೊಂದು ತಾರೀಖು, ಅದು ಮುಗಿದು ಏಳು ತಿಂಗಳಾಗಿತ್ತು! ಆಮೇಲೆ ಡಬ್ಬಿಯ ತಳ ನೋಡಿದೆವು. ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದು, ಡಬ್ಬಿಯದು ಇನ್ನೊಂದು. ಒಂದೇ ಕಾರ್ಖಾನೆಯಿಂದ ಒಟ್ಟಿಗೆ ಬಂದ ಮಾಲಿನಲ್ಲಿ ಇವೆರಡೂ ಒಂದೇ ಆಗಿರಬೇಕು. ಬೇರೆ ಇದ್ದರೆ ಯಾರೋ ನಡುವೆ ಕೈ ಹಾಕಿದ್ದಾರೆ.

ಇನ್ನೊಂದು ಗುರುತು ಲೈಸೆನ್ಸ್ ನಂಬರ್. ನಮ್ಮ ದೇಶದಲ್ಲಿ ತಯಾರಾದ ಕ್ರೀಮಿನ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇರಬೇಕು. ಹೊರದೇಶದ್ದಾದರೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ ಮತ್ತು ನೋಂದಣಿ ನಂಬರ್ ಇರಬೇಕು. ನಮ್ಮ ಕೈಯಲ್ಲಿದ್ದ ಡಬ್ಬಿಯ ಮೇಲೆ ಒಂದು ಹೊರದೇಶದ ಹೆಸರಿತ್ತು ಅಷ್ಟೇ, ಇಲ್ಲಿ ಜವಾಬ್ದಾರರು ಯಾರೆಂದು ಒಂದಕ್ಷರವೂ ಇರಲಿಲ್ಲ. ಈ ಬರಹವೆಲ್ಲ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ನಿಜ. ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಲಿ ಓದಿಸಿರಿ. ಲೈಸೆನ್ಸ್ ನಂಬರನ್ನೂ ಕಳ್ಳರು ಸುಳ್ಳು ಅಚ್ಚು ಹಾಕಬಲ್ಲರು. ಆದ್ದರಿಂದ ಅದು ಇದ್ದ ಮಾತ್ರಕ್ಕೆ ಮಾಲು ಅಸಲಿ ಎನ್ನಲಾಗದು. ಇಲ್ಲದಿದ್ದರೆ ಮಾತ್ರ ಖಂಡಿತ ಕೊಳ್ಳಬಾರದು.

ಆದರೆ ನಮ್ಮನ್ನು ಹೆಚ್ಚು ಹೆದರಿಸಿದ್ದು ಸ್ಟಿಕ್ಕರ್ ಅಲ್ಲ, “ಹತ್ತ ದಿನದಾಗ ಬೆಳ್ಳಗಾತು” ಎಂಬ ಮಾತು. ಇಷ್ಟು ಬೇಗ ಬಣ್ಣ ತಿರುಗಿಸುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಪಾದರಸ ಇರುತ್ತದೆ, ಇಲ್ಲವೇ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಸ್ಟಿರಾಯ್ಡ್ ಔಷಧಿ ಇರುತ್ತದೆ. ಪಾದರಸ ಚರ್ಮದ ಬಣ್ಣ ಹುಟ್ಟುವುದನ್ನೇ ತಡೆದು, ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಸೇರುತ್ತದೆ. ಕಣ್ಣಿಗೆ ಕಾಣದು, ವಾಸನೆಯೂ ಇಲ್ಲ. ಪೆಟ್ಟಿಗೆಯ ಮೇಲೆ ಬರೆಯುವುದೂ ಇಲ್ಲ. “ಬೆಳ್ಳಿ ಬಂಗಾರಕ್ಕೆ ತಾಗಿಸಬೇಡಿ” ಎಂದು ಬರೆದಿದ್ದರೆ ಅದು ದೊಡ್ಡ ಸುಳಿವು, ಪಾದರಸ ಆಭರಣವನ್ನು ಕೆಡಿಸುತ್ತದೆ.

ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು ಇದನ್ನು ಕಂಡರು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯಿಂದ ಬಂದ 22 ರೋಗಿಗಳಲ್ಲಿ 15 ಮಂದಿಗೆ ಅದರ ಅಪರೂಪದ ಒಂದು ರೂಪ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿದರು. ಅದೇ ರಾಜ್ಯದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿತು. ನಮ್ಮ ಕಾಯ್ದೆಯ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಪಾದರಸ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು, ಅದೂ ತಿಳಿಯದೆ ಸೇರಿದ್ದಾದರೆ ಮಾತ್ರ.

ನಾವು ಆ ತಾಯಿಗೆ ಮೂರು ಮಾತು ಕೇಳಿದೆವು. ಮುಂಜಾನೆ ಮಗಳ ಮುಖ, ಪಾದ ಬಾತಿರುತ್ತವೆಯೇ? ಮೂತ್ರ ಸೋಪಿನ ನೀರಿನಂತೆ ನೊರೆ ಬರುತ್ತದೆಯೇ? ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆಯೇ? ಮೊದಲೆರಡು ಕಿಡ್ನಿಯ ಕಡೆಗೆ, ಮೂರನೆಯದು ಸ್ಟಿರಾಯ್ಡ್ ಕಡೆಗೆ ಬೊಟ್ಟು ಮಾಡುತ್ತವೆ. “ಉರೀತೈತ್ರಿ” ಎಂದರು. ಡಬ್ಬಿಯ ಸಮೇತ ಹುಬ್ಬಳ್ಳಿ ಕಿಮ್ಸ್‌ನ ಚರ್ಮದ ವಿಭಾಗಕ್ಕೆ ಕಳಿಸಿದೆವು, ಮೂತ್ರ ಪರೀಕ್ಷೆಯನ್ನೂ ಕೇಳಿ ಎಂದೆವು. ಸ್ಟಿರಾಯ್ಡ್ ಬಹಳ ದಿನ ಹಚ್ಚಿದ್ದರೆ ಬಿಟ್ಟ ಕೂಡಲೇ ಮುಖ ಕೆಂಪಾಗಿ ಇನ್ನೂ ಕೆಡುವುದುಂಟು. ಆಗ ಹೆದರಿ ಮತ್ತೆ ಅದನ್ನೇ ಹಚ್ಚಿಕೊಳ್ಳುತ್ತಾರೆ, ಆದ್ದರಿಂದ ಡಾಕ್ಟರ ಸಲಹೆ ಬೇಕೇ ಬೇಕು.

ಇಂಥ ಡಬ್ಬಿಯನ್ನು ಒಲೆಗೆ ಹಾಕಬಾರದು, ಪಾದರಸದ ಹೊಗೆ ಇಡೀ ಮನೆಗೆ ವಿಷ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಪೆಟ್ಟಿಗೆ ಮತ್ತು ಬಿಲ್ಲಿನ ಜೊತೆ ಧಾರವಾಡ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳಿಗೆ ದೂರು ಕೊಡಬಹುದು. ಹಣ ವಾಪಸಿಗಾಗಿ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿರಿ. ಬಿಲ್ಲಿಲ್ಲದೆ ಸಂತೆಯಲ್ಲಿ ಕೊಂಡಿದ್ದರೆ ಹಣ ಬರುವುದು ಕಷ್ಟವೇ. ಮೊಬೈಲ್‌ನಲ್ಲಿ ತರಿಸಿದ ಪಾರ್ಸಲ್ಲನ್ನು ಬಿಚ್ಚುವಾಗ ವಿಡಿಯೋ ಮಾಡಿಕೊಂಡರೆ ವಾದಿಸಲು ಆಧಾರವಿರುತ್ತದೆ.

ಹಾಗೆಯೇ, ನಮ್ಮ ಮನೆಯ ಖಾಲಿ ಡಬ್ಬಿಗಳು ಗುಜರಿಯವರ ಕೈ ಸೇರಿದರೆ ನಕಲಿ ತುಂಬುವವರಿಗೆ ಅಸಲಿ ಡಬ್ಬಿ ಸಿಕ್ಕಂತಾಗುತ್ತದೆ. ಕೊಡುವ ಮೊದಲು ಟ್ಯೂಬನ್ನು ಕತ್ತರಿಸಿ, ಡಬ್ಬಿಯ ಲೇಬಲ್ ಕೆರೆದು ಹಾಕಿರಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಕ್ರೀಮನ್ನು ಅದರ ಪೆಟ್ಟಿಗೆ ಸಮೇತ ತನ್ನಿರಿ. ಪೆಟ್ಟಿಗೆ ಎಸೆದಿದ್ದರೆ ಡಬ್ಬಿಯನ್ನಷ್ಟೇ ತಂದರೂ ಆದೀತು, ತಳದ ನಂಬರ್ ಒಟ್ಟಿಗೆ ಓದೋಣ.