ಉಗ್ರಾಣದಲ್ಲಿ ಹಳೆಯದಕ್ಕೆ ಮೊದಲ ಸರದಿ

ವಿಶಾಖಪಟ್ಟಣದ ಋಷಿಕೊಂಡದಂತಹ ಕಡಲತೀರದಲ್ಲಿ ರವೆಯು ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ. ಊರಿನಿಂದ ಒಮ್ಮೆಲೇ 5 ಕಿಲೋ ತಂದಿಟ್ಟರೆ, ಮುಗಿಯುವ ಮೊದಲೇ ಹುಳು ಬೀಳುವ ಸಂಭವವುಂಟು. ವಾರಕ್ಕೆ ಅರ್ಧ ಕಿಲೋ ಬಳಸುವ ಮನೆಗೆ ತಿಂಗಳಿಗೆ 2 ಕಿಲೋ ಸಾಕು.

ತಂದ ರವೆಯನ್ನು ಹದವಾಗಿ ಹುರಿದು, ಸಂಪೂರ್ಣ ಆರಿದ ಮೇಲೆ ಒಣ ಡಬ್ಬಿಗೆ ತುಂಬಿ ದಿನಾಂಕದ ಚೀಟಿ ಅಂಟಿಸಬೇಕು. ಬಿಸಿಯಾಗಿರುವಾಗಲೇ ಮುಚ್ಚಿದರೆ ಹಬೆಯು ಒಳಗೆ ನೀರಾಗಿ ಬೂಷ್ಟು ಹಿಡಿಯುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು. ತಳದ ರವೆ ಬಳಕೆಯಾಗದೆ ಉಳಿದು, ಅದರ ಹುಳು ಹೊಸದಕ್ಕೂ ಹರಡುತ್ತದೆ. ಹಳೆಯ ಡಬ್ಬಿ ಮುಂದೆ, ಹೊಸದು ಹಿಂದೆ ಇರಲಿ.

ಜೇಡರ ಬಲೆಯಂತಹ ಎಳೆಗಳಿಂದ ರವೆ ಗಂಟುಗಟ್ಟಿದ್ದರೆ ಹುಳು ಬಿದ್ದಿದೆಯೆಂದು ತಿಳಿಯಬೇಕು. ಬೂಷ್ಟಿನ ವಾಸನೆ ಬಂದುದನ್ನು ಪೂರ್ತಿಯಾಗಿ ಬಿಸುಡಬೇಕು; ಕೆಲವು ಬೂಷ್ಟುಗಳ ವಿಷವು ಹುರಿದರೂ ಬೇಯಿಸಿದರೂ ಸಂಪೂರ್ಣ ನಾಶವಾಗದು.