ಒಂದೇ ಅಪಾಯಕ್ಕೆ ಎರಡು ಸಲ ದಂಡ ಬೇಡ: ಯೋಜನೆಯ ಲೆಕ್ಕ ಹಾಕುವವರಿಗೆ ಆರು ಸೂತ್ರಗಳು

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಲು ಹೊರಟಿದ್ದಾನೆ ಎಂದಿಟ್ಟುಕೊಳ್ಳೋಣ. ಬಂಡವಾಳ 20 ಲಕ್ಷ ರೂಪಾಯಿ, ಯಂತ್ರಗಳ ಬಾಳಿಕೆ 5 ವರ್ಷ. ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪನ ಮುಂದೆ ಲೆಕ್ಕ ತೆರೆದಿಟ್ಟಿದ್ದಾನೆ.

"ವರ್ಷಕ್ಕೆ 7 ಲಕ್ಷ ಕೈಗೆ ಬರುತ್ತೆ ಚಿಕ್ಕಪ್ಪ. ಹಾಳೆ ಸಿಗದ ವರ್ಷನೂ ಇರುತ್ತಲ್ಲ, ಅದಕ್ಕೆ 6 ಅಂತ ಹಿಡಿದಿದೀನಿ."

"ಒಳ್ಳೇದಾಯ್ತು. ಡಿಸ್ಕೌಂಟ್ ದರ 18 ಯಾಕೋ ಮಾರಾಯ? ನಿನ್ನ ಬಂಡವಾಳದ ಖರ್ಚು 12 ಅಲ್ವಾ?"

"ಹಾಳೆ ಸಿಗದಿದ್ರೆ ಅಂತ, ಸ್ವಲ್ಪ ಜಾಸ್ತಿ ಹಾಕಿದೆ."

ತಪ್ಪಿರುವುದು ಇಲ್ಲೇ. ಹಾಳೆಯ ಕೊರತೆಗೆಂದು ಆದಾಯದಲ್ಲಿ ಒಮ್ಮೆ ಕಡಿತವಾಗಿದೆ. ಅದೇ ಕೊರತೆಗೆ ದರದಲ್ಲಿ ಇನ್ನೊಮ್ಮೆ ಕಡಿತ. ಹುಡುಗ ಇದನ್ನು ಎಚ್ಚರಿಕೆ ಅಂದುಕೊಂಡಿದ್ದಾನೆ, ಆದರೆ ಒಳ್ಳೆಯ ಯೋಜನೆ ಕೈತಪ್ಪುವುದು ಹೀಗೆಯೇ.

1. ನಿಮ್ಮ ಅಂಕಿ ಯಾವ ಜಾತಿಯದು ಎಂದು ಮೊದಲು ಬರೆದಿಡಿ

ವರ್ಷಕ್ಕೆ ಇಷ್ಟು ಬರುತ್ತದೆ ಎಂಬ ಮಾತಿಗೆ ಮೂರು ಅರ್ಥಗಳಿರಬಹುದು. ಎಲ್ಲವೂ ಸರಿಯಾಗಿ ನಡೆದರೆ ಬರುವುದು ಒಂದು, ಒಳ್ಳೆಯದು ಕೆಟ್ಟದ್ದು ಎರಡನ್ನೂ ತೂಗಿದ ಸರಾಸರಿ ಇನ್ನೊಂದು, ಕೆಟ್ಟ ವರ್ಷದಲ್ಲಿ ಬರುವುದು ಮತ್ತೊಂದು. ಹಾಳೆಯನ್ನು ಬೇಸಿಗೆಯಲ್ಲೇ ಒಣಗಿಸಿ ಕೂಡಿಡಬೇಕು. ಮಳೆ ಬೇಗ ಹಿಡಿದರೆ ಹಾಳೆಗೆ ಬೂಷ್ಟು ಬಂದು ದಾಸ್ತಾನು ಕೆಡುತ್ತದೆ. ಹತ್ತರಲ್ಲಿ ಎರಡು ವರ್ಷ ಹೀಗಾಗಿ 2 ಲಕ್ಷ ಮಾತ್ರ ಉಳಿಯುತ್ತದೆ, ಮಿಕ್ಕ ಎಂಟು ವರ್ಷ 7 ಲಕ್ಷ ಬರುತ್ತದೆ ಎಂದಾದರೆ ಸರಾಸರಿ ಸರಿಯಾಗಿ 6 ಲಕ್ಷ. ಅಂದರೆ ಹುಡುಗನ 6 ಲಕ್ಷದೊಳಗೆ ಕೆಟ್ಟ ವರ್ಷಗಳು ಈಗಾಗಲೇ ಕೂತಿವೆ. ಅಂಕಿಯ ಪಕ್ಕದಲ್ಲಿ "ಸರಾಸರಿ, ಹಾಳೆ ಕೊರತೆ ಸೇರಿದೆ" ಎಂದು ಬರೆದಿದ್ದರೆ ಮುಂದಿನ ತಪ್ಪು ಆಗುತ್ತಲೇ ಇರಲಿಲ್ಲ.

2. ಅಪಾಯ ಒಳಬರಲು ಒಂದೇ ಬಾಗಿಲು ತೆರೆಯಿರಿ

ಎಕ್ಸೆಲ್‌ನಲ್ಲಿ ಈ ಸೂತ್ರ ಹಾಕಿ ನೋಡಿ:

```
=PV(12%,5,-6)
```

ಉತ್ತರ 21.63 ಲಕ್ಷ. 20 ಲಕ್ಷ ಬಂಡವಾಳ ಕಳೆದರೆ 1.63 ಲಕ್ಷ ಲಾಭ. ಈಗ ಆದಾಯ ಕಡಿತ ಮಾಡದೆ 7 ಲಕ್ಷವನ್ನೇ ಇಟ್ಟು ದರವನ್ನು 18ಕ್ಕೆ ಏರಿಸಿ. ಉತ್ತರ 21.89 ಲಕ್ಷ, ಹೆಚ್ಚುಕಡಿಮೆ ಅಷ್ಟೇ. ಎರಡು ದಾರಿಯಲ್ಲಿ ಯಾವುದರಲ್ಲಿ ಹೋದರೂ ಯೋಜನೆ ಗೆಲ್ಲುತ್ತದೆ. ಆದರೆ 6 ಲಕ್ಷವನ್ನು 18ರ ದರದಲ್ಲಿ ಇಳಿಸಿದರೆ 18.76 ಲಕ್ಷಕ್ಕೆ ಬಂದು ನಿಲ್ಲುತ್ತದೆ, 1.24 ಲಕ್ಷ ನಷ್ಟ ತೋರಿಸುತ್ತದೆ. ಘಟಕ ಅದೇ, ಹಾಳೆ ಅದೇ, ಮಳೆಯೂ ಅದೇ. ಬದಲಾದದ್ದು ಲೆಕ್ಕ ಮಾತ್ರ. ಇದರ ತಿರುಗುಮುರುಗು ತಪ್ಪೂ ಉಂಟು: 7 ಲಕ್ಷವನ್ನು 12ರ ದರದಲ್ಲಿ ಹಾಕಿದರೆ 25.23 ಲಕ್ಷ ಬರುತ್ತದೆ. ಅಲ್ಲಿ ಅಪಾಯ ಲೆಕ್ಕಕ್ಕೇ ಬಂದಿಲ್ಲ.

3. ದರದೊಳಗೆ ಏನಿರಬೇಕೋ ಅಷ್ಟೇ ಇರಲಿ

ಹಾಗಾದರೆ 12 ಎಲ್ಲಿಂದ ಬಂತು? 20 ಲಕ್ಷದಲ್ಲಿ 12 ಲಕ್ಷ ಸಾಲಕ್ಕೆ ಬಡ್ಡಿ ಶೇ 10. ಸ್ವಂತದ 8 ಲಕ್ಷವನ್ನು ಇಷ್ಟೇ ಅಪಾಯದ ಬೇರೆ ವ್ಯವಹಾರದಲ್ಲಿ ಹಾಕಿದ್ದರೆ ನಿರೀಕ್ಷಿಸಬಹುದಾಗಿದ್ದ ಪ್ರತಿಫಲ ಶೇ 15. ಎರಡನ್ನೂ ತೂಗಿದರೆ ಶೇ 12. ಇಡೀ ಆರ್ಥಿಕತೆ ಕುಸಿದಾಗ ತಟ್ಟೆಯ ಬೇಡಿಕೆಯೂ ಕುಸಿಯುವಂಥ ಅಪಾಯಕ್ಕೆ ಆ 15ರೊಳಗೆ ಪರಿಹಾರ ಸೇರಿದೆ. ಹತ್ತಾರು ಕಡೆ ಹಣ ಹಂಚಿದರೂ ಆ ಅಪಾಯ ತಪ್ಪುವುದಿಲ್ಲ, ಹಾಗಾಗಿ ಅದರ ಜಾಗ ದರ. ಒಂದೂರಿನ ಹಾಳೆ ಕೆಡುವುದು ಆ ಬಗೆಯದಲ್ಲ, ಅದರ ಜಾಗ ಆದಾಯದ ಸರಾಸರಿ. ಇದ್ದಬದ್ದ ಹಣವನ್ನೆಲ್ಲ ಇದೊಂದಕ್ಕೇ ಸುರಿದವರು ತುಸು ಹೆಚ್ಚಿನ ಪ್ರತಿಫಲ ಕೇಳುವುದು ನ್ಯಾಯ. ಆದರೆ ಆ ಹೆಚ್ಚಳ ಎಷ್ಟು, ಯಾಕೆ ಎಂದು ಬೇರೆ ಸಾಲಿನಲ್ಲಿ ಬರೆಯಿರಿ, ಹಾಳೆಯ ಹೆಸರಿನಲ್ಲಿ ಅಲ್ಲ.

4. ದರಕ್ಕೆ 6 ಸೇರಿಸಿದಾಗ ಏನು ಒಪ್ಪಿಕೊಂಡಂತಾಯಿತು, ಕೇಳಿಕೊಳ್ಳಿ

ದರವನ್ನು 12ರಿಂದ 18ಕ್ಕೆ ಏರಿಸಿದರೆ ಮೊದಲ ವರ್ಷದ ಹಣದಲ್ಲಿ ಸುಮಾರು ಶೇ 5 ಕಡಿತ. ಅದು ವರ್ಷವರ್ಷವೂ ಚಕ್ರಬಡ್ಡಿಯಂತೆ ಬೆಳೆದು ಐದನೇ ವರ್ಷಕ್ಕೆ ಶೇ 23 ಆಗುತ್ತದೆ, ಇಪ್ಪತ್ತು ವರ್ಷದ ಯೋಜನೆಯಾದರೆ ಕೊನೆಯ ವರ್ಷದಲ್ಲಿ ಶೇ 65. ಪ್ರತಿ ವರ್ಷ ಘಟಕ ಶಾಶ್ವತವಾಗಿ ಬಾಗಿಲು ಹಾಕುವ ಸಾಧ್ಯತೆ ಶೇ 5 ಇದೆ ಎಂದಂತಾಯಿತು. ಮಳೆಯ ಅಪಾಯ ಹಾಗೆ ಬೆಳೆಯುವುದಿಲ್ಲ. ಈ ವರ್ಷ ಹಾಳೆ ಕೆಟ್ಟರೂ ಮುಂದಿನ ಬೇಸಿಗೆಗೆ ಮರದಿಂದ ಹೊಸ ಹಾಳೆ ಬೀಳುತ್ತದೆ. ಅದಕ್ಕೆ ಸಲ್ಲುವುದು ಎಲ್ಲ ವರ್ಷಕ್ಕೂ ಒಂದೇ ಪ್ರಮಾಣದ ಕಡಿತ, 7ರಿಂದ 6ಕ್ಕೆ. ಎರಡನೇ ಸೂತ್ರದಲ್ಲಿ ಎರಡು ದಾರಿಯ ಉತ್ತರಗಳು ಹತ್ತಿರ ಬಂದದ್ದು ಅವಧಿ ಚಿಕ್ಕದಾದ್ದರಿಂದ. ಅವಧಿ ಉದ್ದವಾದಷ್ಟೂ ದರದ ದಾರಿ ಹೆಚ್ಚು ತಪ್ಪಿಸುತ್ತದೆ.

5. ಅಪಾಯದ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದೇ ಟಿಕ್ ಹಾಕಿ

ಒಂದು ಕಾಗದದಲ್ಲಿ ಎಡಕ್ಕೆ ಅಪಾಯಗಳನ್ನು ಬರೆಯಿರಿ: ಹಾಳೆ ಕೊರತೆ, ಬೆಲೆ ಇಳಿತ, ಯಂತ್ರ ಕೆಡುವುದು, ಬಾಕಿ ವಸೂಲಾಗದಿರುವುದು. ಬಲಕ್ಕೆ ಎರಡು ಕಾಲಂ: ಆದಾಯ, ದರ. ಒಂದು ಅಪಾಯಕ್ಕೆ ಎರಡು ಕಡೆ ಟಿಕ್ ಬಿದ್ದರೆ ಒಂದನ್ನು ಅಳಿಸಿ. ಕಳ್ಳ ಕಡಿತಗಳನ್ನೂ ಹುಡುಕಿ. ಯಂತ್ರ ಎಂಟು ವರ್ಷ ನಡೆಯುತ್ತದೆಂದು ಗೊತ್ತಿದ್ದೂ "ಯಾಕೆ ಬೇಕು" ಎಂದು ಐದಕ್ಕೆ ನಿಲ್ಲಿಸುವುದು, ಗುಜರಿ ಬೆಲೆಯನ್ನು ಸೊನ್ನೆ ಮಾಡುವುದು ಇವೆಲ್ಲ ಮೂರನೇ, ನಾಲ್ಕನೇ ದಂಡಗಳು. ಇದು ಲೆಕ್ಕಶಾಸ್ತ್ರದ ನಿಯಮವೂ ಹೌದು. ಆಸ್ತಿಗಳ ಮೌಲ್ಯಕುಸಿತದ ಕುರಿತ ಇಂಡ್ ಎಎಸ್ 36 ಮಾನದಂಡದ ಪ್ರಕಾರ, ನಗದು ಹರಿವಿನಲ್ಲಿ ಈಗಾಗಲೇ ಸರಿಹೊಂದಿಸಿದ ಅಪಾಯ ಡಿಸ್ಕೌಂಟ್ ದರದಲ್ಲಿ ಮತ್ತೆ ಸೇರಬಾರದು.

6. ಭಯಕ್ಕೆ ಬೇರೆ ಲೆಕ್ಕ ಇಡಿ

"ಮೊದಲ ವರ್ಷವೇ ಹಾಳೆ ಕೆಟ್ಟರೆ?" ಎಂಬ ಪ್ರಶ್ನೆ ಸುಳ್ಳಲ್ಲ. ಆದರೆ ಅದು ಯೋಜನೆಯ ಬೆಲೆಯ ಪ್ರಶ್ನೆಯಲ್ಲ, ಕೈಯಲ್ಲಿ ಹಣ ಇರುತ್ತದೆಯೇ ಎಂಬ ಪ್ರಶ್ನೆ. 12 ಲಕ್ಷ ಸಾಲಕ್ಕೆ ಐದು ವರ್ಷದ ಕಂತು ವರ್ಷಕ್ಕೆ ಸುಮಾರು 3.06 ಲಕ್ಷ. ಕೆಟ್ಟ ವರ್ಷದಲ್ಲಿ ಬರುವುದು 2 ಲಕ್ಷ. ಹಾಗಾಗಿ 1.06 ಲಕ್ಷ ಆಪದ್ಧನ ಇಟ್ಟುಕೊಳ್ಳದೆ ಶುರು ಮಾಡಬಾರದು. 18ರ ದರ ಈ ಮಾತನ್ನು ಎಂದೂ ಹೇಳುತ್ತಿರಲಿಲ್ಲ.

ಅದು ಹೇಳದ ಇನ್ನೊಂದು ಮಾತೂ ಇದೆ. ಹಾಳೆ ನೆನೆಯದಂತೆ 1 ಲಕ್ಷ ಖರ್ಚು ಮಾಡಿ ಶೆಡ್ ಹಾಕಿಸಿದರೆ ಕೆಟ್ಟ ವರ್ಷದಲ್ಲೂ 4 ಲಕ್ಷ ಸಿಗುತ್ತದೆ ಎನ್ನೋಣ. ಸರಾಸರಿ 6.4 ಲಕ್ಷಕ್ಕೆ ಏರುತ್ತದೆ, 12ರ ದರದಲ್ಲಿ ಮೌಲ್ಯ 1.44 ಲಕ್ಷ ಹೆಚ್ಚುತ್ತದೆ. ಶೆಡ್ಡಿನ ಖರ್ಚು ವಾಪಸ್ಸಾಗಿ 44 ಸಾವಿರ ಉಳಿಯುತ್ತದೆ, ಕೆಟ್ಟ ವರ್ಷದಲ್ಲೂ ಕಂತು ಕಟ್ಟಬಹುದು. ಅಪಾಯವನ್ನು ಆದಾಯದ ಸಾಲಿನಲ್ಲಿ ಹೆಸರು ಹಿಡಿದು ಬರೆದಿದ್ದಕ್ಕೇ ಅದನ್ನು ಕಡಿಮೆ ಮಾಡುವ ದಾರಿಯೂ ಕಂಡಿತು. ಚಿಕ್ಕಪ್ಪ ಹುಡುಗನಿಗೆ ಹೇಳಬೇಕಾದದ್ದು ಇಷ್ಟೇ: "ದರ 12ಕ್ಕೆ ಇಳಿಸು, ಮೊದಲು ಶೆಡ್ ಹಾಕಿಸು."