ಲಾರಿ ಹತ್ತುವ ಮುನ್ನವೇ ಪೆಟ್ಟಿಗೆಯ ಮಾತು

ಉತ್ತರ ಪ್ರದೇಶದ ಖುರ್ಜಾದಿಂದ ಪಿಂಗಾಣಿ ಕಪ್ಪು ತರಿಸುವ ದಾವಣಗೆರೆಯ ಅಂಗಡಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಆರ್ಡರು 40 ಪೆಟ್ಟಿಗೆಯದು. ಪೆಟ್ಟಿಗೆಗೆ 24 ಕಪ್ಪು, ಕಪ್ಪಿಗೆ 70 ರೂಪಾಯಿ, ಒಟ್ಟು 67,200. ಸತತ ಮೂರನೇ ಲೋಡಿನಲ್ಲೂ ಒಡಕು. ಈ ಸಲ 78 ಕಪ್ಪು, ಅಂದರೆ 5,460 ರೂಪಾಯಿಯ ಮಾಲು. ಫೋನ್ ಮಾಡಿದರೆ ತಯಾರಕರು, ‘ನಾವು ಚೆನ್ನಾಗೇ ಕಳಿಸಿದ್ದೇವೆ, ಟ್ರಾನ್ಸ್‌ಪೋರ್ಟಿನವರನ್ನು ಕೇಳಿ’ ಅನ್ನುತ್ತಾರೆ. ಟ್ರಾನ್ಸ್‌ಪೋರ್ಟಿನವರದು, ‘ಪ್ಯಾಕಿಂಗೇ ಸರಿ ಇಲ್ಲ ಸಾರ್, ನಾವೇನು ಮಾಡೋಣ?’

ಅಂಗಡಿಯವರಿಗೆ ಬೇಕಿರುವುದು ಇಷ್ಟೇ: ಖುರ್ಜಾದ ಗೋದಾಮಿನಲ್ಲಿ ಕಟ್ಟಿಟ್ಟಿರುವ ಮುಂದಿನ ಲೋಡನ್ನು ಬಿಚ್ಚಿ, ಗಟ್ಟಿ ಪೆಟ್ಟಿಗೆಯಲ್ಲಿ ಮತ್ತೆ ಕಟ್ಟಿ ಕಳಿಸಬೇಕು. ಹೀಗೆ ಕೇಳುವ ಹಕ್ಕು ಇದೆಯೇ? ಇದೆ. ಆದರೆ ಅದರ ಬಲ ನೀವು ಯಾವಾಗ ಕೇಳುತ್ತೀರಿ, ಹೇಗೆ ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ.

1930ರ ಸರಕು ಮಾರಾಟ ಕಾಯ್ದೆಯಲ್ಲಿ ಮಾಲಿನ ನಷ್ಟದ ಹೊಣೆ ಒಡೆತನದ ಜೊತೆಗೇ ಸಾಗುತ್ತದೆ (ಕಲಂ 26). ಬೇರೆ ಒಪ್ಪಂದ ಇಲ್ಲದಿದ್ದರೆ, ತಯಾರಕರು ಮಾಲನ್ನು ಲಾರಿ ಆಫೀಸಿಗೆ ಒಪ್ಪಿಸಿದ್ದೇ ನಿಮಗೆ ಒಪ್ಪಿಸಿದಂತೆ (ಕಲಂ 39). ಎಲ್.ಆರ್. ಆದ ಮೇಲೆ ದಾರಿಯಲ್ಲಿ ಆಗುವ ಹಾನಿ ಸಾಮಾನ್ಯವಾಗಿ ಕೊಳ್ಳುವವರ ತಲೆಗೆ ಬರುವುದು ಹೀಗೆ. ದರಪಟ್ಟಿಯಲ್ಲಿ ‘ಎಕ್ಸ್-ಗೋಡೌನ್’ ಎಂದು ಇದ್ದರಂತೂ ತಯಾರಕರು ಅದನ್ನೇ ತೋರಿಸುತ್ತಾರೆ. ಎಲ್.ಆರ್. ಆಗುವ ಮುನ್ನ ಮಾತ್ರ ಮಾಲು ಇನ್ನೂ ಅವರ ಹೊಣೆಯಲ್ಲೇ ಇರುತ್ತದೆ. ಪೆಟ್ಟಿಗೆಯ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹಾಗೆಂದು ಲಾರಿ ಹತ್ತಿದ ಕೂಡಲೇ ಮಾರುವವರು ಕೈತೊಳೆದುಕೊಂಡರು ಎಂದೂ ಅಲ್ಲ. ಮಾಲಿನ ಸ್ವರೂಪ ನೋಡಿಕೊಂಡು ಸಾಗಣೆಯವರ ಜೊತೆ ತಕ್ಕ ಒಪ್ಪಂದ ಮಾಡುವುದು ಅವರ ಕರ್ತವ್ಯ. ಅದನ್ನು ಮಾಡದೆ ದಾರಿಯಲ್ಲಿ ಹಾನಿಯಾದರೆ ಅವರನ್ನೇ ಹೊಣೆ ಮಾಡಬಹುದು ಎನ್ನುತ್ತದೆ ಅದೇ ಕಲಂ 39. ಇನ್ನು ಈ ಕಾಯ್ದೆ ‘ಗುಣಮಟ್ಟ’ ಎನ್ನುವಾಗ ಮಾಲು ಇರುವ ಸ್ಥಿತಿಯನ್ನೂ ಸೇರಿಸಿಕೊಂಡಿದೆ. ಕಪ್ಪು ದಾವಣಗೆರೆಗೆ ಹೋಗುತ್ತದೆ ಎಂದು ಗೊತ್ತಿದ್ದೂ ಅಷ್ಟು ದೂರದ ಸಾಮಾನ್ಯ ಕುಲುಕಾಟವನ್ನೇ ತಾಳದಂತೆ ಕಟ್ಟಿ ಕಳಿಸಿದರೆ, ಅದು ಮಾರುವವರ ಲೋಪ ಎಂದು ವಾದಿಸಲು ಗಟ್ಟಿ ಆಧಾರವಿದೆ. ಆದರೆ ಲೋಪ ಪ್ಯಾಕಿಂಗಿನದೇ ಎಂದು ನೀವು ತೋರಿಸಬೇಕು.

ತೋರಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಪೆಟ್ಟಿಗೆ ಹೊರಗಿನಿಂದ ನೆಟ್ಟಗಿದ್ದು ಒಳಗೆ ಕಪ್ಪಿನ ಹಿಡಿಗಳು ಮುರಿದಿದ್ದರೆ ಕಪ್ಪಿಗೆ ಕಪ್ಪು ತಾಗಿದೆ, ನಡುವೆ ಅಡ್ಡರಟ್ಟಿನ ಮನೆಗಳಿಲ್ಲ ಎಂದರ್ಥ. ಅಟ್ಟಿಯ ಕೆಳಗಿನ ಪೆಟ್ಟಿಗೆಗಳು ಮಾತ್ರ ಹೊಟ್ಟೆ ಉಬ್ಬಿ ಕುಸಿದಿದ್ದರೆ ಮೂರು ಪದರದ ರಟ್ಟು ಮೇಲಿನ ಭಾರ ತಾಳಿಲ್ಲ. ಒಂದು ಮೂಲೆ ಜಜ್ಜಿದ್ದರೆ, ರಟ್ಟು ನೆನೆದು ಕಲೆಯಾಗಿದ್ದರೆ, ಎಸೆದದ್ದೋ ಮಳೆಯಲ್ಲಿ ಇಳಿಸಿದ್ದೋ ಇರಬೇಕು. ಅದು ಸಾಗಣೆಯವರ ಲೆಕ್ಕ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಬಲ ಕಳೆದುಕೊಳ್ಳುವುದರಿಂದ ಕೆಲವೊಮ್ಮೆ ಎರಡೂ ಕಾರಣ ಕೂಡಿರುತ್ತವೆ.

ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ ಆರೂ ಮೈಯ ಫೋಟೊ ತೆಗೆಯಿರಿ, ಬಿಚ್ಚುವಾಗ ವಿಡಿಯೊ ಮಾಡಿ, ಯಾವ ಪೆಟ್ಟಿಗೆಯಲ್ಲಿ ಎಷ್ಟು ಒಡೆದಿದೆ ಎಂದು ಬರೆದಿಡಿ. ಮಾಲು ಪರೀಕ್ಷಿಸಲು ಸಾಕಷ್ಟು ಅವಕಾಶ ಪಡೆಯುವುದು ನಿಮ್ಮ ಹಕ್ಕು (ಕಲಂ 41). ಆದರೆ ತಕರಾರು ಹೇಳದೆ ಬಹಳ ದಿನ ಮಾಲು ಇಟ್ಟುಕೊಂಡರೆ ಒಪ್ಪಿಕೊಂಡಂತೆ ಆಗುತ್ತದೆ (ಕಲಂ 42). ಲಾರಿಯವರ ರಶೀದಿಗೆ ಬರೀ ಸಹಿ ಹಾಕಿ ಕೊಡುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ವಿಪರೀತ. ‘40ರಲ್ಲಿ 6 ಪೆಟ್ಟಿಗೆ ಜಜ್ಜಿವೆ, ಒಳಗೆ ನೋಡಿಲ್ಲ’ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಮುಂದೆ ಅದಕ್ಕೆ ಬೆಲೆಯಿದೆ. ಸಾಗಣೆಯವರ ಮೇಲೆ ದಾವೆ ಹೂಡುವ ಯೋಚನೆ ಇದ್ದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು.

ಈಗ ತಯಾರಕರಿಗೆ ಬರೆಯುವ ಪತ್ರ. ‘ಪ್ಯಾಕಿಂಗ್ ಸ್ವಲ್ಪ ಚೆನ್ನಾಗಿ ಮಾಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದರೆ ಅದು ವಿನಂತಿಯಷ್ಟೇ, ಪಾಲಿಸಿದರೋ ಇಲ್ಲವೋ ಅಳೆಯಲು ಬಾರದು. ಇ-ಮೇಲ್‌ನಲ್ಲಿ ಮೂರೂ ಬಿಲ್ಲಿನ ನಂಬರು, ಪ್ರತಿ ಲೋಡಿನ ಒಡಕಿನ ಲೆಕ್ಕ, ಫೋಟೊ ಸೇರಿಸಿ. ಆಮೇಲೆ ಬೇಕಾದದ್ದನ್ನು ಅಳತೆಯಲ್ಲಿ ಹೇಳಿ: ಐದು ಪದರದ ಹೊಸ ರಟ್ಟಿನ ಪೆಟ್ಟಿಗೆ, ಪ್ರತಿ ಕಪ್ಪಿಗೂ ಪ್ರತ್ಯೇಕ ಮನೆ, ಎರಡು ಸಾಲಿನ ನಡುವೆ ರಟ್ಟಿನ ಹಾಳೆ, ಅಲುಗಾಡಿಸಿದರೆ ಒಳಗೆ ಸದ್ದು ಬರಬಾರದು, ಲೋಡ್ ಮಾಡುವ ಮುನ್ನ ತೆರೆದ ಪೆಟ್ಟಿಗೆಯ ಫೋಟೊ ಕಳಿಸಬೇಕು. ಮುಂದಿನ ಖರೀದಿ ಆದೇಶದಲ್ಲೂ ಇವೇ ಸಾಲುಗಳಿರಲಿ. ‘ಹೀಗೆ ಕಟ್ಟದ ಮಾಲನ್ನು ನಿರಾಕರಿಸುವ ಹಕ್ಕು ನಮಗಿದೆ’ ಎಂದೂ ಸೇರಿಸಿ. ಅವರು ಒಪ್ಪಿ ಮಾಲು ಕಳಿಸಿದರೆ ಪೆಟ್ಟಿಗೆ ಕರಾರಿನ ಭಾಗವಾಯಿತು. ಈಗಾಗಲೇ ಒಪ್ಪಿದ ಆರ್ಡರಿನ ಷರತ್ತನ್ನು ನೀವೊಬ್ಬರೇ ಬದಲಿಸಲು ಬರುವುದಿಲ್ಲ. ಕಟ್ಟಿಟ್ಟ ಲೋಡಿನ ಮಟ್ಟಿಗೆ ಹಿಂದಿನ ಒಡಕಿನ ಪುರಾವೆಯೇ ನಿಮ್ಮ ಬಲ.

ಖರ್ಚು ಯಾರದು? ಬೇರೆ ಮಾತಾಗಿಲ್ಲದಿದ್ದರೆ, ಮಾಲನ್ನು ಒಪ್ಪಿಸುವ ಸ್ಥಿತಿಗೆ ತರುವ ಖರ್ಚು ಮಾರುವವರದು (ಕಲಂ 36). ಆದರೂ ತಯಾರಕರು ಪೆಟ್ಟಿಗೆಗೆ 30 ರೂಪಾಯಿ ಹೆಚ್ಚು ಕೇಳಿದರು ಎನ್ನೋಣ. 40 ಪೆಟ್ಟಿಗೆಗೆ 1,200. ಪ್ರತಿ ಲೋಡಿಗೆ ಐದು ಸಾವಿರಕ್ಕೂ ಮೇಲೆ ಒಡೆಯುತ್ತಿರುವಾಗ ಅರ್ಧ ಹಂಚಿಕೊಂಡು ಮುಗಿಸುವುದೇ ಜಾಣತನ ಎಂದು ನನಗನ್ನಿಸುತ್ತದೆ. ಆರುನೂರು ರೂಪಾಯಿಗೆ ವಕೀಲರ ಮನೆ ಬಾಗಿಲು ಬೇಡ.

ದುಡ್ಡು ಹಿಡಿಯುವ ಮುನ್ನ ಮಾತ್ರ ಜೋಪಾನ. ತಯಾರಕರು ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ಘಟಕವಾಗಿದ್ದರೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ಅವರ ಬೆನ್ನಿಗಿರುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಆದರೆ ಮಾಲು ತಲುಪಿದ 15 ದಿನದೊಳಗೆ ನೀವು ಲಿಖಿತ ಆಕ್ಷೇಪ ಸಲ್ಲಿಸಿದ್ದರೆ, ತಯಾರಕರು ಅದನ್ನು ಪರಿಹರಿಸಿದ ದಿನದಿಂದ ಈ ಗಡುವು ಎಣಿಕೆಯಾಗುತ್ತದೆ. ಹದಿನಾರನೇ ದಿನ ಬರೆದರೆ ಈ ಅನುಕೂಲವಿಲ್ಲ. ಆಕ್ಷೇಪ ಕೊಟ್ಟಿದ್ದರೂ 5,460ಕ್ಕಾಗಿ ಇಡೀ 67,200 ತಡೆಯುವುದು ಬೇಡ, ಉಳಿದದ್ದನ್ನು ಕೊಟ್ಟುಬಿಡಿ.

ಒಡೆದ ಮಾಲಿಗೆ ತಯಾರಕರಿಂದ ಕ್ರೆಡಿಟ್ ನೋಟ್ ಕೇಳಿ ಪಡೆಯಿರಿ. ಅದಿಲ್ಲದೆ ನಿಮ್ಮ ಪುಸ್ತಕದಲ್ಲಿ ನಷ್ಟ ಎಂದು ಬರೆದುಕೊಂಡರೆ, ನಾಶವಾದ ಮಾಲಿನ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಹಲವು ಅಂಗಡಿಯವರು ಹೇಳುವುದುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮರುಮಾರಾಟಕ್ಕೆ ಕೊಂಡವರು ಗ್ರಾಹಕರಲ್ಲ, ಆ ಬಾಗಿಲು ತೆರೆಯುವುದಿಲ್ಲ. ಅದೇ ಕಪ್ಪನ್ನು ಮನೆಗೆಂದು ತರಿಸಿಕೊಂಡವರು 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಜಿಲ್ಲಾ ಆಯೋಗಕ್ಕೂ ಹೋಗಬಹುದು. ಅಂಗಡಿಯವರಿಗೆ ಉಳಿಯುವುದು ಸಿವಿಲ್ ನ್ಯಾಯಾಲಯ.